ಓದಲು ಸರಿಯಾಗಿ ಕಾಣುವ ತಪ್ಪುಗಳು: ಯಂತ್ರ ಬರೆದ ಭಾಷಣವನ್ನು ಸಬ್‌ಟೈಟಲ್ ಮಾಡುವ ಬಗೆ

ಪ್ರಶ್ನೆ: ನಮಸ್ಕಾರ. ನಮ್ಮೂರಿನ ಗ್ರಂಥಾಲಯದಲ್ಲಿ ಹಿರಿಯರೊಬ್ಬರು ಕೋಲಾರ ಕಡೆಯ ಕೆರೆಗಳ ಬಗ್ಗೆ ಮಾತಾಡಿದ್ದರು. 42 ನಿಮಿಷದ ವಿಡಿಯೊ ಇದೆ. ಮಾತನ್ನು ಅಕ್ಷರ ಮಾಡುವ ವಿಸ್ಪರ್ ಎಂಬ ತಂತ್ರಾಂಶಕ್ಕೆ ಹಾಕಿ ಸಬ್‌ಟೈಟಲ್‌ನ .srt ಫೈಲ್ ತೆಗೆದೆ. ತಪ್ಪು ತುಂಬಾ ಇದೆ. ಮೊದಲಿಂದ ಓದುತ್ತಾ ತಿದ್ದುತ್ತಿದ್ದೇನೆ, ಆದರೂ ಸರಿ ಹೋಯಿತು ಅಂತ ಅನಿಸುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು? ಅವರ ಆಡುಮಾತನ್ನು ಹಾಗೇ ಬಿಡಬೇಕಾ, ಪುಸ್ತಕದ ಕನ್ನಡ ಮಾಡಬೇಕಾ? ಕಿವಿ ಕೇಳದವರೂ ಇದನ್ನು ನೋಡುತ್ತಾರೆ. ಮೂರು ನಿಮಿಷದ ತುಣುಕು ಕಳಿಸಿದ್ದೇನೆ.

ಉತ್ತರ: ಮೊದಲು ಓದುತ್ತಾ ತಿದ್ದುವುದನ್ನು ನಿಲ್ಲಿಸಿ. ಕೇಳುತ್ತಾ ತಿದ್ದಿ. ಎರಡೂ ಒಂದೇ ಕೆಲಸದಂತೆ ಕಾಣುತ್ತವೆ, ಆದರೆ ಫಲ ಪೂರ್ತಿ ಬೇರೆ. ಓದುವಾಗ ಕಣ್ಣಿಗೆ ಬೀಳುವುದು ಅರ್ಥವಿಲ್ಲದ ಪದಗಳು, ಒಡೆದ ಪದಗಳು, ಕಾಗುಣಿತದ ತಪ್ಪುಗಳು. ಅವು ಅಷ್ಟೇನೂ ಅಪಾಯವಲ್ಲ, ಯಾರ ಕಣ್ಣಿಗಾದರೂ ಬೀಳುತ್ತವೆ. ಅಪಾಯ ಇರುವುದು ಓದಲು ನೆಟ್ಟಗೆ ಕಾಣುವ ತಪ್ಪುಗಳಲ್ಲಿ. ಅಂಥವನ್ನು ಕಿವಿ ಮಾತ್ರ ಹಿಡಿಯುತ್ತದೆ.

ಅದು ಯಾಕೆ ಹೀಗೆ ಅನ್ನುವುದನ್ನು ತಿಳಿದುಕೊಂಡರೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ. ಈ ಯಂತ್ರಗಳು ಬರೀ ಸದ್ದನ್ನು ಅಕ್ಷರ ಮಾಡುವುದಿಲ್ಲ. ಹಿಂದಿನ ಪದಗಳನ್ನು ನೋಡಿ ಮುಂದೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಅಂತಲೂ ಊಹಿಸುತ್ತವೆ. ವಿಸ್ಪರ್ 2022ರಲ್ಲಿ ಬಂದಾಗ ಅದಕ್ಕೆ ಕಲಿಸಲು ಬಳಸಿದ್ದು 6,80,000 ಗಂಟೆಗಳ ಧ್ವನಿ. ಅದರಲ್ಲಿ ಹೆಚ್ಚಿನದು ಇಂಗ್ಲಿಷ್, ಕನ್ನಡದ ಪಾಲು ತೀರಾ ಚಿಕ್ಕದು. ಹಾಗಾಗಿ ಕೆರೆಯ ಜನ ದಿನಾ ಆಡುವ ಕೋಡಿ, ತೂಬು, ಹೂಳು, ಏರಿ, ನೀರುಗಂಟಿ ಇಂಥ ಪದಗಳ ಪರಿಚಯ ಅದಕ್ಕೆ ಸಾಲದು. ಗೊತ್ತಿಲ್ಲದ ಪದ ಬಂದಾಗ ಅದು ಜಾಗ ಖಾಲಿ ಬಿಡುವುದಿಲ್ಲ. ಹತ್ತಿರದ ಸದ್ದಿನ, ಗೊತ್ತಿರುವ ಪದವನ್ನು ತಂದು ಕೂರಿಸುತ್ತದೆ. ನಿಮ್ಮ ತುಣುಕಿನಲ್ಲಿ ಕೋಡಿ ಕೋಟಿಯಾಗಿದೆ, ತೂಬು ತುಂಬು ಆಗಿದೆ, ನೀರುಗಂಟಿ ನೀರು ಗಂಟೆ ಆಗಿದ್ದಾನೆ. ಎಲ್ಲವೂ ಸರಿಯಾದ ಕನ್ನಡ ಪದಗಳೇ. ಕಾಗುಣಿತ ನೋಡುವ ಯಾವ ಸಾಧನವೂ ಇವುಗಳ ಕೆಳಗೆ ಕೆಂಪು ಗೆರೆ ಎಳೆಯುವುದಿಲ್ಲ.

ಆದರೂ ಪದ ತಿದ್ದಲು ಕೂರುವ ಮೊದಲು ಇನ್ನೊಂದು ಕೆಲಸ ಇದೆ. ಮಾತು ಪೂರ್ತಿ ಬಂದಿದೆಯಾ ಅಂತ ನೋಡಬೇಕು. ತಪ್ಪಾಗಿ ಬರೆದಿದ್ದನ್ನು ತಿದ್ದಬಹುದು. ಬರೆಯದೇ ಬಿಟ್ಟಿದ್ದು ಓದುವವರಿಗೆ ಗೊತ್ತೇ ಆಗುವುದಿಲ್ಲ.

ವಿಸ್ಪರ್ ಧ್ವನಿಯನ್ನು 30 ಸೆಕೆಂಡಿನ ತುಂಡುಗಳಾಗಿ ನೋಡುತ್ತದೆ. ಒಂದು ತುಂಡಿಗೆ ಅದು ಬರೆಯಬಹುದಾದ ಪಠ್ಯಕ್ಕೆ ಮಿತಿ ಇದೆ, ಸಾಮಾನ್ಯವಾಗಿ 224 ಟೋಕನ್. ಟೋಕನ್ ಅಂದರೆ ಯಂತ್ರ ಒಂದು ಸಲಕ್ಕೆ ಬರೆಯುವ ಚೂರು. ಇಂಗ್ಲಿಷಿನಲ್ಲಿ ಒಂದು ಪೂರ್ತಿ ಪದವೇ ಒಂದು ಚೂರಿನಲ್ಲಿ ಮುಗಿಯಬಹುದು. ಕನ್ನಡದಲ್ಲಿ ಹಾಗಲ್ಲ. ನಮ್ಮ ಒಂದೊಂದು ಅಕ್ಷರ, ಒಂದೊಂದು ಗುಣಿತದ ಗುರುತು, ಒಂದೊಂದು ಹಲಂತದ ಗುರುತು ಫೈಲ್‌ನಲ್ಲಿ 3 ಬೈಟ್ ಹಿಡಿಯುತ್ತದೆ. ಒಂದು ಅಕ್ಷರಕ್ಕೇ ಎರಡು ಮೂರು ಚೂರು ಖರ್ಚಾಗುವುದು ಸಾಮಾನ್ಯ. ಹೀಗಾಗಿ ಬೇಗ ಬೇಗ ಮಾತಾಡುವವರ 30 ಸೆಕೆಂಡು ಮುಗಿಯುವ ಮೊದಲೇ ಆ 224 ಖಾಲಿಯಾಗುತ್ತದೆ. ಉಳಿದ ಮಾತು ಕೆಲವೊಮ್ಮೆ ಬಿಟ್ಟುಹೋಗುತ್ತದೆ. ಯಂತ್ರ ಏನೂ ಆಗಿಲ್ಲ ಎಂಬಂತೆ ಮುಂದಿನ ತುಂಡಿಗೆ ಹೋಗುತ್ತದೆ.

ಇದನ್ನು ಹಿಡಿಯಲು ಒಂದು ಗುರುತಿದೆ: ಹೊತ್ತು ಉದ್ದ, ಮಾತು ಕಡಿಮೆ. ಪಠ್ಯ ಅರ್ಧಕ್ಕೆ ನಿಂತಾಗ ಕೊನೆಯ ಸಬ್‌ಟೈಟಲ್‌ನ ಮುಗಿಯುವ ಸಮಯ ಆ ತುಂಡಿನ ಕೊನೆಗೆ ಹೋಗಿ ಅಂಟಿಕೊಳ್ಳಬಹುದು. ಆಗ ಐದಾರು ಪದದ ಸಾಲು ಹತ್ತು ಹನ್ನೆರಡು ಸೆಕೆಂಡು ತೆರೆಯ ಮೇಲೆ ನಿಂತಿರುತ್ತದೆ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಸಾಲುಗಳನ್ನು ಅವಧಿಯ ಪ್ರಕಾರ ಜೋಡಿಸಬಹುದು. ಹಾಗೆ ಜೋಡಿಸಿ, ಉದ್ದ ಇರುವುದನ್ನೆಲ್ಲ ಒಂದೊಂದಾಗಿ ಕೇಳಿ. ನೋಡಿ ಆದ ಮೇಲೆ ಮತ್ತೆ ಸಮಯದ ಪ್ರಕಾರ ಜೋಡಿಸಲು ಮರೆಯಬೇಡಿ. ಇನ್ನೊಂದು ಗುರುತು � ಎಂಬ ಚಿಹ್ನೆ. ಒಂದು ಅಕ್ಷರದ ಬೈಟ್‌ಗಳ ನಡುವೆಯೇ ಬರವಣಿಗೆ ನಿಂತರೆ ಇದು ಉಳಿದುಬಿಡುತ್ತದೆ. ಫೈಲ್‌ನಲ್ಲಿ ಅದನ್ನು ಹುಡುಕಿ. ಸಿಕ್ಕಿದ ಕಡೆ ನಂತರದ ಮಾತು ಹೋಗಿರುವ ಸಾಧ್ಯತೆ ಜಾಸ್ತಿ.

ಸಿಕ್ಕ ತೂತು ಚಿಕ್ಕದಾಗಿದ್ದರೆ ಕೇಳಿ ಕೈಯಲ್ಲೇ ಟೈಪ್ ಮಾಡಿ, ಅದೇ ಬೇಗ. ದೊಡ್ಡದಾಗಿದ್ದರೆ ಅಷ್ಟು ಭಾಗವನ್ನು ಮಾತ್ರ ಕತ್ತರಿಸಿ ಮತ್ತೆ ಓಡಿಸಿ. ತುಂಡು ಹತ್ತು ಹದಿನೈದು ಸೆಕೆಂಡಿಗಿಂತ ಉದ್ದ ಬೇಡ. ಆಗ ಮಿತಿ ಮುಟ್ಟುವ ಸಂಭವ ಕಡಿಮೆ.

```
ffmpeg -i talk.mp4 -ss 00:11:42 -to 00:11:55 -ac 1 -ar 16000 part.wav
whisper part.wav --model large-v3 --language kn --condition_on_previous_text False --output_format srt
```

ಇಲ್ಲಿ `--language kn` ಕೊಡುವುದು ಮುಖ್ಯ. ಕೊಡದಿದ್ದರೆ ಯಂತ್ರ ಭಾಷೆಯನ್ನು ತಾನೇ ಊಹಿಸುತ್ತದೆ. ಕೋಲಾರ ಕಡೆಯ ಮಾತಿನಲ್ಲಿ ತೆಲುಗು ಬೆರೆತಿರುವುದರಿಂದ ಊಹೆ ತಪ್ಪಲು ಕಾರಣ ಇದ್ದೇ ಇದೆ. `--condition_on_previous_text False` ಅಂದರೆ ಹಿಂದಿನ ತುಂಡಿನಲ್ಲಿ ಬರೆದಿದ್ದನ್ನು ನೋಡಿಕೊಂಡು ಮುಂದಿನದನ್ನು ಬರೆಯಬೇಡ ಅಂತ. ಇದನ್ನು ಹಾಕದಿದ್ದರೆ ಒಮ್ಮೊಮ್ಮೆ ಒಂದೇ ವಾಕ್ಯ ನಿಮಿಷಗಟ್ಟಲೆ ಮರುಕಳಿಸುತ್ತದೆ. ಹೊಸ ಫೈಲ್‌ನ ಸಮಯ ಸೊನ್ನೆಯಿಂದ ಶುರುವಾಗುತ್ತದೆ, ಅದಕ್ಕೆ 11 ನಿಮಿಷ 42 ಸೆಕೆಂಡು ಸೇರಿಸಿಕೊಳ್ಳಬೇಕು.

ಇದಕ್ಕೆ ಉಲ್ಟಾ ಆಗುವುದೂ ಉಂಟು: ಯಾರೂ ಆಡದ ಮಾತು ಬಂದು ಕೂರುವುದು. ಚಪ್ಪಾಳೆ, ಮೈಕ್ ಸರಿ ಮಾಡುವ ಸದ್ದು, ಸ್ಲೈಡ್ ಬದಲಿಸುವಾಗಿನ ಮೌನ ಇವುಗಳ ಮೇಲೆ ಯಂತ್ರ ಧನ್ಯವಾದ ಎಂದೋ ಇನ್ನೇನೋ ಬರೆದಿರುತ್ತದೆ. ಮೌನ ಇರುವ ಜಾಗಗಳನ್ನು ಬೇರೆಯಾಗಿ ಒಮ್ಮೆ ಕೇಳಿ, ಅಂಥದ್ದನ್ನು ಅಳಿಸಿ.

ಈಗ ಪದಗಳಿಗೆ ಬರೋಣ. ಮಾತಾಡಿದ ಹಿರಿಯರಿಗೆ ಫೋನ್ ಮಾಡಿ. ತಿದ್ದಿ ಮುಗಿಸಿದ ಮೇಲೆ ಅಲ್ಲ, ಶುರು ಮಾಡುವ ಮೊದಲೇ. ಒಂದು ಸಲ ಪೂರ್ತಿ ಕೇಳಿ, ಕೆರೆಗೆ ಸಂಬಂಧಿಸಿದ ಪದ, ಊರಿನ ಹೆಸರು, ಕೆರೆಯ ಹೆಸರು, ಜನರ ಹೆಸರು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬರೆಯುವುದು ಹೇಗೆ ಅಂತ ಅವರನ್ನೇ ಕೇಳಿ. ಮುಳಬಾಗಿಲು, ಮಾಲೂರು ಇಂಥ ಹೆಸರು ನಿಮಗೇ ಗೊತ್ತು. ಆದರೆ ಒಂದು ಹಳ್ಳಿಯ ಹೆಸರಿನ ಕೊನೆ ಹಳ್ಳಿಯೋ ಪಲ್ಲಿಯೋ, ಅದರಲ್ಲಿರುವುದು ಲಕಾರವೋ ಳಕಾರವೋ ಅನ್ನುವುದು ಆ ಕಡೆಯವರಿಗೇ ಗೊತ್ತಿರುತ್ತದೆ. ಯಂತ್ರ ಲ ಮತ್ತು ಳ, ನ ಮತ್ತು ಣ, ಅ ಮತ್ತು ಹ ಇವುಗಳ ನಡುವೆ ಸುಲಭವಾಗಿ ಜಾರುತ್ತದೆ. ಹೂಳು ಎತ್ತುವುದನ್ನು ನಿಮ್ಮ ಫೈಲ್ ಒಂದು ಕಡೆ ಹೂವು ಎತ್ತುವುದು ಮಾಡಿದೆ, ಇನ್ನೊಂದು ಕಡೆ ಹುಲ್ಲು ಎತ್ತುವುದು ಮಾಡಿದೆ. ಒಂದೇ ಪದ ಬೇರೆ ಬೇರೆ ಕಡೆ ಬೇರೆ ಬೇರೆ ರೂಪದಲ್ಲಿ ಕೆಟ್ಟಿರುತ್ತದೆ. ಅದಕ್ಕೇ ಈ ಹಾಳೆ ಬೇಕು.

ಹಾಳೆ ಕೈಗೆ ಬಂದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಆಸೆ ಆಗುತ್ತದೆ. ಬೇಡ. ಕೋಟಿ ಇದ್ದಲ್ಲೆಲ್ಲ ಕೋಡಿ ಹಾಕಿದರೆ ಏನಾಗುತ್ತದೆ ನೋಡಿ. ನಿಮ್ಮ ತುಣುಕಿನ ಎರಡನೇ ನಿಮಿಷದಲ್ಲಿ ಅವರು ಹೂಳೆತ್ತಲು ಆದ ಖರ್ಚು ಹೇಳುತ್ತಾರೆ, ಒಂದೂವರೆ ಕೋಟಿ ಅಂತ. ಅದು ನಿಜವಾದ ಕೋಟಿಯೇ. ಹುಡುಕಿ, ಒಂದೊಂದನ್ನೂ ಕೇಳಿ, ಆಮೇಲೆ ಬದಲಿಸಿ. ಒಟ್ಟಿಗೆ ಬದಲಿಸಬಹುದಾದದ್ದು ಬೇರೆ ಯಾವ ಅರ್ಥವೂ ಇಲ್ಲದ ರೂಪಗಳನ್ನು ಮಾತ್ರ.

ಕೆರೆಯ ಪದಗಳಿಗಿಂತಲೂ ಹೆಚ್ಚು ಕಾಳಜಿ ಬೇಕಾದ ಜಾಗ ಕ್ರಿಯಾಪದದ ಬಾಲ. ಕನ್ನಡದಲ್ಲಿ ಹೌದೋ ಅಲ್ಲವೋ, ಆಯಿತೋ ಆಗಬೇಕೋ, ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಲ್ಲ ಇರುವುದು ಅಲ್ಲೇ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮಾತಾಡುವವರ ದನಿ ಇಳಿದಿರುತ್ತದೆ, ಉಸಿರು ಮುಗಿದಿರುತ್ತದೆ, ಸಭೆಯಲ್ಲಿ ಯಾರೋ ಕೆಮ್ಮಿರುತ್ತಾರೆ. ಅರ್ಥ ಪೂರ್ತಿ ನಿಂತಿರುವ ಜಾಗದಲ್ಲೇ ಸದ್ದು ತೀರಾ ಕ್ಷೀಣ. ಮಾಡಲ್ಲ, ಮಾಡಲಿಲ್ಲ, ಮಾಡಲಿ ಈ ಮೂರರ ನಡುವೆ ಇರುವುದು ಒಂದೆರಡು ಅಕ್ಷರ. ಒಂದು ಬಿಟ್ಟರೆ ಅವರು ಬೇಡ ಅಂದಿದ್ದು ಬೇಕು ಅಂದ ಹಾಗೆ ಆಗುತ್ತದೆ.

ನಿಮ್ಮ ತುಣುಕಿನಲ್ಲೇ ಇದಕ್ಕೆ ಸರಿಯಾದ ಉದಾಹರಣೆ ಇದೆ. ಯಂತ್ರ ಬರೆದದ್ದು ಹೀಗೆ:

```
87
00:11:42,000 --> 00:11:54,000
ಕೆರೆ ಕೋಟಿ ಬಿದ್ದ ಮೇಲೆ ಊರವರೆಲ್ಲಾ ಸೇರಿ ಪೂಜೆ ಮಾಡೋರು ಆಮೇಲೆ ನೀರು ಗಂಟೆ ತುಂಬು ಎತ್ತೋನು ಯಾರು ಅಂದ್ರೆ ಅವರು ಎತ್ತೋ ಹಾಗಿರಲಿ
```

ಮೊದಲು ಹಿನ್ನೆಲೆ ಹೇಳುತ್ತೇನೆ. ಕೆರೆ ತುಂಬಿ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗ ಕೋಡಿ. ಹಾಗೆ ಹರಿಯಲು ಶುರುವಾದರೆ ಕೋಡಿ ಬಿತ್ತು ಅನ್ನುತ್ತಾರೆ. ಗದ್ದೆಗೆ ನೀರು ಬಿಡುವ ಬಾಗಿಲು ತೂಬು. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಅಂತ ನೋಡಿಕೊಳ್ಳುವವನು ನೀರುಗಂಟಿ. ಇಷ್ಟು ಗೊತ್ತಿದ್ದವರಿಗೆ ಮೂರು ಪದ ಕೇಳಿದ ಕೂಡಲೇ ಹೊಳೆಯುತ್ತವೆ. ಆದರೆ ನಾಲ್ಕನೆಯ ತಪ್ಪು ಅಷ್ಟು ಸುಲಭ ಅಲ್ಲ. ಕೊನೆಯಲ್ಲಿ ಹಾಗಿರಲಿ ಅಂತ ಇದೆ. ಓದಿದರೆ ಯಾರು ಬೇಕಾದರೂ ತೂಬು ಎತ್ತಲಿ ಎಂಬ ಅರ್ಥವನ್ನು ಹೇಗೋ ಹೊಂದಿಸಿಕೊಳ್ಳಬಹುದು. ಧ್ವನಿ ಕೇಳಿದರೆ ಅವರು ಹೇಳಿದ್ದು ಹಾಗಿರಲಿಲ್ಲ. ಅರ್ಥ ಪೂರ್ತಿ ಉಲ್ಟಾ. ಊರಿನ ನೀರಿನ ಶಿಸ್ತಿನ ಬಗ್ಗೆ ಅವರು ಹೇಳಿದ ಮುಖ್ಯ ಮಾತೇ ಬಿದ್ದುಹೋಗಿದೆ.

ಇದು ಕಿವಿಯ ತಪ್ಪು ಅಂತ ನನಗೆ ಅನಿಸುತ್ತಿಲ್ಲ. ಸಾಲಿನ ಅವಧಿ ನೋಡಿ, ಸರಿಯಾಗಿ 12 ಸೆಕೆಂಡು. ಅವರ ಮಾತು ಇಷ್ಟು ನಿಧಾನ ಅಲ್ಲ. ಮೇಲೆ ಹೇಳಿದ ಮಿತಿ ಮುಟ್ಟಿ, ಪದದ ನಡುವೆಯೇ ಬರವಣಿಗೆ ನಿಂತಿರುವ ಲಕ್ಷಣ ಇದು. ಹಾಗಿದ್ದರೆ ಮುಂದೆ ಇನ್ನೂ ಮಾತು ಇರಬೇಕು ಅಲ್ವಾ? ಕೇಳಿ ನೋಡಿದರೆ ಇದೆ. ಹಾಗಿರಲಿಲ್ಲ ಆದ ಮೇಲೆ ಅವರು ಇನ್ನೊಂದು ವಾಕ್ಯ ಹೇಳುತ್ತಾರೆ. ಅದು ಫೈಲ್‌ನಲ್ಲಿ ಎಲ್ಲೂ ಇಲ್ಲ. ತಿದ್ದಿದ ಮೇಲೆ ಹೀಗಾಗುತ್ತದೆ:

```
87
00:11:42,300 --> 00:11:45,900
ಕೆರೆ ಕೋಡಿ ಬಿದ್ದ ಮೇಲೆ
ಊರವರೆಲ್ಲಾ ಸೇರಿ ಪೂಜೆ ಮಾಡೋರು.

88
00:11:46,300 --> 00:11:48,700
ಆಮೇಲೆ ನೀರುಗಂಟಿ ತೂಬು ಎತ್ತೋನು.

89
00:11:49,000 --> 00:11:51,600
ಯಾರಂದ್ರೆ ಅವರು
ಎತ್ತೋ ಹಾಗಿರಲಿಲ್ಲ.

90
00:11:51,800 --> 00:11:53,800
ಎತ್ತಿದ್ರೆ ಊರೇ ದಂಡ ಹಾಕೋದು.
```

ಯಂತ್ರದ ಯಾರು ಅಂದ್ರೆ ಅವರು ಎಂಬುದನ್ನು ಯಾರಂದ್ರೆ ಅವರು ಮಾಡಿದ್ದನ್ನೂ ಗಮನಿಸಿ. ಅದು ಬರೀ ಜಾಗ ಬಿಡುವ ವಿಷಯ ಅಲ್ಲ. ಯಾರು ಅಂದ್ರೆ ಎಂದು ಬಿಡಿಸಿ ಬರೆದರೆ ಅವರು ಯಾರನ್ನೋ ಗುರುತಿಸಿ ಹೇಳಲು ಹೊರಟ ಹಾಗೆ ಓದಿಸುತ್ತದೆ. ಕೂಡಿಸಿ ಬರೆದರೆ ಸಿಕ್ಕಸಿಕ್ಕವರು ಎಂಬ ಅರ್ಥ. ಯಂತ್ರ ಪದಗಳನ್ನು ಒಡೆಯುವುದು, ಪ್ರತ್ಯಯವನ್ನು ದೂರ ತಳ್ಳುವುದು ತುಂಬಾ ಸಾಮಾನ್ಯ. ಕೆರೆ ಯಲ್ಲಿ, ಊರಿ ನಲ್ಲಿ ಎಂಬಂಥವು ಕಣ್ಣಿಗೇ ಕಾಣುತ್ತವೆ. ಇಂಥದ್ದು ಕಾಣುವುದಿಲ್ಲ.

ಅಂಕಿಗಳ ಬಗ್ಗೆ ಸ್ವಲ್ಪ. ಎರಡು ಮೂರು ಸಾವಿರ ಎಂದರೆ ಅಂದಾಜು. ಯಂತ್ರ ಅದನ್ನು 23,000 ಮಾಡಿದ್ದರೆ ಆಶ್ಚರ್ಯ ಬೇಡ. ಒಂದೂವರೆ, ಎರಡೂಕಾಲು ಇವುಗಳ ಊಕಾರ ಬಿದ್ದು ಅರ್ಥ ಕೆಡುತ್ತದೆ. ಎಪ್ಪತ್ತು ಮತ್ತು ಎಂಬತ್ತು ಅದಲುಬದಲಾಗುತ್ತವೆ. ಎಕರೆ, ಗುಂಟೆ, ಅಡಿ, ವರ್ಷ ಯಾವುದೇ ಇರಲಿ, ಅಂಕಿ ಇರುವ ಪ್ರತಿ ಸಾಲನ್ನೂ ಎರಡು ಸಲ ಕೇಳಿ. ಇಸವಿಯನ್ನು ಅವರು ಎಪ್ಪತ್ತೆರಡರ ಬರ ಎಂದಿದ್ದರೆ ಹಾಗೇ ಬರೆಯಿರಿ. ನೀವಾಗಿ ಶತಮಾನ ಸೇರಿಸಬೇಡಿ.

ನಿಮ್ಮ ಎರಡನೇ ಪ್ರಶ್ನೆ, ಆಡುಮಾತೋ ಪುಸ್ತಕದ ಕನ್ನಡವೋ ಎಂಬುದು. ನನ್ನ ಅಭಿಪ್ರಾಯ ಸ್ಪಷ್ಟ: ಅವರ ಮಾತನ್ನು ಪುಸ್ತಕದ ಕನ್ನಡ ಮಾಡಬೇಡಿ. ಮಾಡೋರು ಎಂಬುದನ್ನು ಮಾಡುತ್ತಿದ್ದರು ಎಂದು ಬದಲಿಸಿದರೆ ವ್ಯಾಕರಣ ಚೆನ್ನಾಗಿ ಕಾಣಬಹುದು, ಆದರೆ ಮಾತಾಡಿದವರು ಬೇರೆ ಯಾರೋ ಆಗುತ್ತಾರೆ. ಸ್ವಲ್ಪ ಕಿವಿ ಕೇಳುವವರು ಸಬ್‌ಟೈಟಲ್ ಓದುತ್ತಾ ಮಾತೂ ಕೇಳುತ್ತಿರುತ್ತಾರೆ, ತುಟಿ ನೋಡುತ್ತಿರುತ್ತಾರೆ. ತುಟಿ ಒಂದು ಹೇಳಿ ಅಕ್ಷರ ಇನ್ನೊಂದು ಹೇಳಿದರೆ ಎರಡನ್ನೂ ನಂಬಲು ಆಗುವುದಿಲ್ಲ. ಜೊತೆಗೆ ಪುಸ್ತಕದ ರೂಪಗಳು ಉದ್ದ. ಓದಲು ಸಮಯ ಜಾಸ್ತಿ ಬೇಕು, ತೆರೆಯ ಮೇಲೆ ಜಾಗವೂ ಜಾಸ್ತಿ ಬೇಕು.

ಹಾಗಂತ ಉಚ್ಚಾರಣೆಯ ಪ್ರತಿ ಏರಿಳಿತವನ್ನೂ ಬರೆಯಬೇಕಿಲ್ಲ. ಅವರು ಒಂದು ಸಲ ಮಾಡ್ತಿದ್ರು, ಇನ್ನೊಂದು ಸಲ ಮಾಡ್ತಾ ಇದ್ರು, ಮತ್ತೊಂದು ಸಲ ಅವೆರಡರ ನಡುವಿನ ಏನನ್ನೋ ಹೇಳಿರುತ್ತಾರೆ. ಓದುವವರಿಗೆ ಪ್ರತಿ ಸಲ ಹೊಸ ರೂಪ ಕಂಡರೆ ಓದು ತಡೆಯುತ್ತದೆ. ಒಂದು ರೂಪ ಗೊತ್ತು ಮಾಡಿ, ಮೇಲಿನ ಪದಗಳ ಹಾಳೆಯಲ್ಲೇ ಬರೆದಿಟ್ಟುಕೊಂಡು ಕೊನೆತನಕ ಅದನ್ನೇ ಬಳಸಿ. ನಾನು ಪಾಲಿಸುವ ಗೆರೆ ಇದು: ಪದ ಮತ್ತು ವ್ಯಾಕರಣ ಅವರದೇ ಇರಲಿ, ಕಾಗುಣಿತ ಮಾತ್ರ ಒಂದೇ ಸಮ ಇರಲಿ. ನಡುವೆ ತೆಲುಗು ವಾಕ್ಯ ಬಂದರೆ ಕನ್ನಡ ಲಿಪಿಯಲ್ಲಿ ಹಾಗೇ ಬರೆಯಿರಿ. ಆಮೇಲೆ ಅವರೇ ಕನ್ನಡದಲ್ಲಿ ವಿವರಿಸಿದ್ದರೆ ಇನ್ನೇನೂ ಬೇಡ. ವಿವರಿಸಿಲ್ಲ ಅಂದರೆ ಕೆಳಗಿನ ಸಾಲಿನಲ್ಲಿ ಚೌಕದ ಆವರಣ ಹಾಕಿ ಕನ್ನಡದ ಅರ್ಥ ಕೊಡಿ.

ಬಿಡುವುದು ಏನನ್ನು? ಅಂ, ಆಂ ಎಂಬ ತಡವರಿಕೆ, ಅರ್ಧಕ್ಕೆ ಬಿಟ್ಟು ಮತ್ತೆ ಶುರು ಮಾಡಿದ ಪದ, ಏನಂದ್ರೆ ಏನಂದ್ರೆ ಎಂದು ಎರಡು ಸಲ ಬಂದಿದ್ದರೆ ಒಂದು ಸಲ. ಇವು ಹೋದರೆ ನಷ್ಟವಿಲ್ಲ. ಆದರೆ ಇದೇ ಗುಂಪಿಗೆ ಸೇರಿದ ಹಾಗೆ ಕಾಣುವ ಒಂದು ಪದವನ್ನು ದಯವಿಟ್ಟು ಮುಟ್ಟಬೇಡಿ. ಅದು ಅಂತೆ. ಆ ಕೆರೆ ಚೋಳರ ಕಾಲದ್ದಂತೆ ಎಂದರೆ ಅವರು ಕೇಳಿದ್ದನ್ನು ಹೇಳುತ್ತಿದ್ದಾರೆ. ಚೋಳರ ಕಾಲದ್ದು ಎಂದು ಬರೆದರೆ ಅವರೇ ಖಚಿತವಾಗಿ ಹೇಳಿದ ಹಾಗೆ. ನಾಳೆ ಯಾರಾದರೂ ಸಬ್‌ಟೈಟಲ್ ಓದಿ ಅವರ ಹೆಸರಿನಲ್ಲಿ ಉದ್ಧರಿಸಿದರೆ ಆ ತಪ್ಪು ಅವರ ತಲೆಗೆ ಬರುತ್ತದೆ. ಅವನೇ, ಅವನೂ ಎಂಬಲ್ಲಿನ ಏ, ಊ ಕೂಡ ಹಾಗೆಯೇ. ಮೇಲಿನ 90ನೇ ಸಾಲಿನಲ್ಲಿ ಊರೇ ದಂಡ ಹಾಕೋದು ಎಂದಿದೆ. ಊರು ಎಂದು ಬರೆದಿದ್ದರೆ ಒತ್ತು ಹೋಗುತ್ತಿತ್ತು. ಸರ್ಕಾರ ಅಲ್ಲ, ಊರೇ ದಂಡ ಹಾಕುತ್ತಿತ್ತು ಎಂಬುದು ಅವರ ಮಾತು.

ಮಾತು ಸರಿಯಾದ ಮೇಲೆ ಅದನ್ನು ಸಾಲಾಗಿ ಒಡೆಯುವ ಕೆಲಸ. ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಬೇಡ. ಸಾಲಿಗೆ ನಾಲ್ಕೈದು ಪದ ಸಾಕು, ಕನ್ನಡದ ಪದಗಳು ಉದ್ದ. ಎಷ್ಟೇ ಚಿಕ್ಕ ಮಾತಾದರೂ ಒಂದು ಸೆಕೆಂಡಿಗಿಂತ ಕಡಿಮೆ ನಿಲ್ಲಿಸಬೇಡಿ, ಎಷ್ಟೇ ಉದ್ದವಾದರೂ ಆರೇಳು ಸೆಕೆಂಡು ದಾಟಿಸಬೇಡಿ. ಸಬ್‌ಟೈಟಲ್ ಎಡಿಟ್ ಸೆಕೆಂಡಿಗೆ ಎಷ್ಟು ಅಕ್ಷರ ಎಂದು ಲೆಕ್ಕ ತೋರಿಸಿ, ಜಾಸ್ತಿಯಾದರೆ ಕೆಂಪು ಮಾಡುತ್ತದೆ. ಆ ಲೆಕ್ಕವನ್ನು ಕನ್ನಡಕ್ಕೆ ಹಾಗೇ ನಂಬಬೇಡಿ. ನಾವು ಒಂದೇ ಅಕ್ಷರ ಎಂದು ಓದುವ ಸ್ತ್ರೀ ಕಂಪ್ಯೂಟರಿಗೆ ಆರು: ಸ, ಹಲಂತ, ತ, ಹಲಂತ, ರ, ಈಕಾರ. ಒತ್ತಕ್ಷರ ಹೆಚ್ಚಿದ್ದ ಸಾಲು ಸುಮ್ನೆ ಕೆಂಪಾಗುತ್ತದೆ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಎಂದರೆ, ಆ ಸಾಲು ಬಂದು ಹೋಗುವುದರೊಳಗೆ ಅವಸರವಿಲ್ಲದೆ ಒಮ್ಮೆ ಮನಸ್ಸಿನಲ್ಲಿ ಓದಿ ಮುಗಿಸಲು ಆಗುತ್ತದಾ ನೋಡುವುದು. ನೀವು ಮಾತನ್ನು ಆಗಲೇ ಬಲ್ಲವರು, ಹಾಗಾಗಿ ಬೇರೆಯವರಿಂದಲೂ ಓದಿಸಿ.

ಎಲ್ಲಿ ಒಡೆಯಬೇಕು ಎಂಬುದಕ್ಕೆ ಕನ್ನಡದ ವಾಕ್ಯವೇ ದಾರಿ ತೋರಿಸುತ್ತದೆ. ಬಿದ್ದ ಮೇಲೆ, ಬಂದಾಗ, ಮಾಡಿದರೆ, ಅಂತ ಇವುಗಳ ನಂತರ ಒಡೆದರೆ ಓದು ಸಲೀಸು. ನೀರು ಬಿಡುವ ಎಂದು ಒಂದು ಸಾಲು ಮುಗಿಸಿ ತೂಬು ಎಂದು ಮುಂದಿನದು ಶುರು ಮಾಡಿದರೆ ಓದುವವರು ತಡವರಿಸುತ್ತಾರೆ, ಬಿಡುವ ಎಂಬುದು ತೂಬಿಗೆ ಅಂಟಿಕೊಂಡ ಪದ. ಅಂತ ಎಂಬುದು ಅದರ ಹಿಂದಿನ ಮಾತಿನ ಜೊತೆಗೇ ಇರಲಿ. ಎಲ್ಲಕ್ಕಿಂತ ಮುಖ್ಯ, ಇಲ್ಲ, ಬೇಡ, ಬಾರದು ಇವನ್ನು ಅವುಗಳ ಕ್ರಿಯಾಪದದಿಂದ ಬೇರ್ಪಡಿಸಿ ಮುಂದಿನ ಸಬ್‌ಟೈಟಲ್‌ಗೆ ತಳ್ಳಬೇಡಿ. ತೂಬು ಎತ್ತೋಕೆ ಎಂದು ಒಂದು ತೆರೆ, ಬಿಡ್ತಾ ಇರಲಿಲ್ಲ ಎಂದು ಇನ್ನೊಂದು ತೆರೆ ಬಂದರೆ ನಡುವಿನ ಒಂದು ಕ್ಷಣ ಓದುಗರು ತಪ್ಪು ಅರ್ಥದಲ್ಲಿ ನಿಂತಿರುತ್ತಾರೆ.

ಕಿವಿ ಕೇಳದವರಿಗಾಗಿ ಇನ್ನೆರಡು ವಿಷಯ ಬೇಕು. ಚಪ್ಪಾಳೆ, ನಗು, ಮೈಕ್ ಕೆಟ್ಟ ಸದ್ದು ಇವುಗಳಿಂದ ಮಾತು ನಿಂತಿದ್ದರೆ [ಚಪ್ಪಾಳೆ], [ಸಭೆಯಲ್ಲಿ ನಗು] ಎಂದು ಹಾಕಿ. ಇಲ್ಲದಿದ್ದರೆ ಅವರು ಯಾಕೆ ಸುಮ್ಮನಾದರು ಎಂದು ಗೊತ್ತಾಗುವುದಿಲ್ಲ. ಕೊನೆಯ ಪ್ರಶ್ನೋತ್ತರದಲ್ಲಿ ಕ್ಯಾಮೆರಾ ಭಾಷಣಕಾರರ ಮೇಲೇ ಇರುತ್ತದೆ, ಕೇಳುವವರು ಕಾಣುವುದಿಲ್ಲ. ಅಲ್ಲಿ ಪ್ರಶ್ನೆಯ ಮುಂದೆ ಸಭಿಕರು ಎಂದು ಸೇರಿಸಿ. ಎಷ್ಟು ಸಲ ಕೇಳಿದರೂ ತಿಳಿಯದ ಪದಕ್ಕೆ [ಕೇಳಿಸುತ್ತಿಲ್ಲ] ಎಂದು ಬರೆಯಿರಿ. ಅಂದಾಜಿನ ಪದ ತುಂಬಬೇಡಿ, ಅದನ್ನು ಯಂತ್ರ ಆಗಲೇ ಮಾಡಿದೆ.

ಫೈಲ್ ಉಳಿಸುವಾಗ ಎನ್‌ಕೋಡಿಂಗ್ `UTF-8` ಇರಲಿ. `ANSI` ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ, ಮರಳಿ ತರಲು ಆಗುವುದಿಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಊರುಗಳ ಪಟ್ಟಿ ಯಾರಾದರೂ ಕೊಟ್ಟರೆ ಅದನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ನೇರ ಅಂಟಿಸಿದರೆ ಗೊಜಲು ಅಕ್ಷರ ಬರುತ್ತದೆ. ಇನ್ನೊಂದು ಕಣ್ಣಿಗೆ ಕಾಣದ ಅಕ್ಷರದ ತೊಂದರೆ. ಟ್ಯಾಂಕ್‌ಗಳು ಎಂದು ಬರಬೇಕಾದದ್ದು ಯಂತ್ರದ ಬರವಣಿಗೆಯಲ್ಲಿ ಟ್ಯಾಂಕ್ಗಳು ಎಂದು ಗಕಾರದ ಒತ್ತಾಗಿ ಬರುತ್ತದೆ. ನಡುವೆ `U+200C` ಎಂಬ ಕಾಣದ ಅಕ್ಷರ ಇದ್ದರೆ ಮಾತ್ರ ಅವು ಬಿಡಿಬಿಡಿಯಾಗಿ ನಿಲ್ಲುತ್ತವೆ. ಸರಿಯಾಗಿರುವ ಒಂದು ಪದದಿಂದ ನಕಲು ಮಾಡಿ ಹಾಕುವುದು ಸುಲಭದ ದಾರಿ. ಈ ಎರಡು ರೂಪಗಳು ಕಂಪ್ಯೂಟರಿಗೆ ಬೇರೆ ಬೇರೆ ಪದ, ಆದ್ದರಿಂದ ಹುಡುಕುವಾಗ ಎರಡನ್ನೂ ಹುಡುಕಿ.

ಸಮಯದ ಅಂದಾಜು ಇರಲಿ ಎಂದು ಹೇಳುತ್ತೇನೆ. ಇಂಥ ಮಾತಿಗೆ ಒಂದು ನಿಮಿಷಕ್ಕೆ ಎಂಟು ಹತ್ತು ನಿಮಿಷ ಹಿಡಿಯುವುದು ಸಹಜ. ಅಂದರೆ ನಿಮ್ಮ 42 ನಿಮಿಷಕ್ಕೆ ಆರೇಳು ಗಂಟೆ. ಒಂದೇ ಸಲ ಕೂರಬೇಡಿ, ದಣಿದ ಕಿವಿ ಯಂತ್ರ ಬರೆದದ್ದನ್ನೇ ಕೇಳಲು ಶುರು ಮಾಡುತ್ತದೆ. ಸರಿಯಾಗಿ ಅರ್ಥವಾಗದ ಕಡೆ ಪಠ್ಯವನ್ನು ಮುಚ್ಚಿ ಧ್ವನಿ ಮಾತ್ರ ಕೇಳಿ, ಕೇಳಿದ್ದನ್ನು ಬರೆದು ಆಮೇಲೆ ಹೋಲಿಸಿ.

ಎಲ್ಲ ಮುಗಿದ ಮೇಲೆ ಎರಡು ಸಲ ನೋಡಿ. ಒಮ್ಮೆ ಧ್ವನಿ ಪೂರ್ತಿ ನಿಲ್ಲಿಸಿ, ಫೋನಿನಲ್ಲಿ. ಎಲ್ಲಿ ವಿಷಯದ ಎಳೆ ತಪ್ಪುತ್ತದೋ ಅಲ್ಲಿ ಸಾಲು ಬಿಟ್ಟಿದೆ ಅಥವಾ ಒಡೆದದ್ದು ಸರಿಯಿಲ್ಲ. ಇನ್ನೊಮ್ಮೆ ಕೋಲಾರ ಕಡೆಯ, ಕೆರೆ ಕೆಳಗೆ ಬೇಸಾಯ ಮಾಡಿ ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಧ್ವನಿ ಹಾಕಿ. ಸಬ್‌ಟೈಟಲನ್ನು ಚಿತ್ರದ ಮೇಲೆ ಅಚ್ಚು ಹಾಕಿಬಿಡಬೇಡಿ, .srt ಬೇರೆ ಫೈಲ್ ಆಗಿಯೇ ಇರಲಿ, ಭಾಷೆ ಕನ್ನಡ ಎಂದು ಗುರುತಿಸಿ ಏರಿಸಿ. ಆಗ ಯಾರಾದರೂ ಒಂದು ಕೆರೆಯ ಹೆಸರು ತಪ್ಪಾಗಿದೆ ಎಂದು ಬರೆದರೆ ಎರಡು ನಿಮಿಷದಲ್ಲಿ ತಿದ್ದಿ ಹಾಕಬಹುದು.